ಕ್ಲಿನಿಕ್‌ನಲ್ಲಿ ಬಿಪಿ ನಾರ್ಮಲ್, ಕೆಲಸದಲ್ಲಿ ಜಾಸ್ತಿ: ಹಿಡಿಯುವುದು ಹೇಗೆ?

ನಮ್ಮ ಭಾವ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ಲೈನ್ ಸೂಪರ್‌ವೈಸರ್. ವಯಸ್ಸು 46. ವರ್ಷಕ್ಕೆರಡು ಸಲ ಕ್ಲಿನಿಕ್‌ಗೆ ಹೋಗಿ ಬಿಪಿ ನೋಡಿಸುತ್ತಿದ್ದರು. ಪ್ರತಿ ಸಲವೂ 132/84ರ ಆಸುಪಾಸು. ‘ಏನೂ ತೊಂದರೆ ಇಲ್ಲ’ ಎನ್ನಿಸಿಕೊಂಡು ಬರುತ್ತಿದ್ದರು. ಕಳೆದ ವರ್ಷ ಬೇರೆ ಯಾವುದೋ ಕಾರಣಕ್ಕೆ ಎಕೋ ಮಾಡಿಸಿದರೆ, ಹೃದಯದ ಎಡಗಡೆಯ ಗೋಡೆ ದಪ್ಪಗಾಗಿದೆ ಎಂದು ಬಂತು. ಬಹಳ ದಿನ ಬಿಪಿ ಜಾಸ್ತಿ ಇದ್ದವರಲ್ಲಿ ಕಾಣುವ ಬದಲಾವಣೆ ಅದು. ವೈದ್ಯೆ ಒಂದೇ ಪ್ರಶ್ನೆ ಕೇಳಿದರು: ‘ಕೆಲಸದ ಹೊತ್ತಿನಲ್ಲಿ ಯಾವತ್ತಾದರೂ ಬಿಪಿ ನೋಡಿದ್ದೀರಾ?’

ನೋಡಿರಲಿಲ್ಲ. ಕ್ಲಿನಿಕ್‌ಗೆ ಹೋಗುತ್ತಿದ್ದದ್ದು ರಜೆಯ ದಿನ. ಅಲ್ಲಿ ಬೆಂಚಿನ ಮೇಲೆ ಒಂದು ಗಂಟೆ ಸುಮ್ನೆ ಕೂತಿರುತ್ತಿದ್ದರು. ಅಷ್ಟು ಹೊತ್ತು ಸಿಗರೇಟೂ ಇಲ್ಲ, ಟಾರ್ಗೆಟ್ ಕೇಳುವ ಮ್ಯಾನೇಜರೂ ಇಲ್ಲ. ಬಿಪಿ ಇಳಿಯದೆ ಇನ್ನೇನಾಗುತ್ತದೆ?

ಇದಕ್ಕೆ ಮಾಸ್ಕ್ಡ್ ಹೈಪರ್‌ಟೆನ್ಷನ್ ಎನ್ನುತ್ತಾರೆ, ಅಂದರೆ ಮುಸುಕು ಹಾಕಿಕೊಂಡ ಬಿಪಿ. ಥಾಮಸ್ ಪಿಕರಿಂಗ್ ಎಂಬ ವೈದ್ಯರು 2002ರಲ್ಲಿ ಕೊಟ್ಟ ಹೆಸರಿದು. ಕ್ಲಿನಿಕ್‌ನಲ್ಲಿ 140/90ರ ಒಳಗೆ, ಹೊರಗೆ ಹಗಲಿನ ಸರಾಸರಿ 135/85 ಅಥವಾ ಅದಕ್ಕೂ ಮೇಲೆ. ಎರಡು ಅಂಕಿಗಳಲ್ಲಿ ಒಂದು ದಾಟಿದರೂ ಸಾಕು. ಡಾಕ್ಟರನ್ನು ಕಂಡರೆ ಬಿಪಿ ಏರುವವರ ಕಥೆ ನಮಗೆಲ್ಲ ಗೊತ್ತು. ಇದು ಅದರ ತಿರುವುಮುರುವು, ಅದಕ್ಕಿಂತ ಅಪಾಯಕಾರಿ. ಯಾಕೆಂದರೆ ಇವರಿಗೆ ಯಾರೂ ಚಿಕಿತ್ಸೆ ಕೊಡುವುದಿಲ್ಲ.

ಹಂತ 1: ನಿಮಗೆ ಅನುಮಾನ ಬರಬೇಕೇ?

ಕ್ಲಿನಿಕ್‌ನಲ್ಲಿ ಯಾವಾಗಲೂ 120ರ ಒಳಗೇ ಇರುವವರು ಸಾಮಾನ್ಯವಾಗಿ ತಲೆಕೆಡಿಸಿಕೊಳ್ಳಬೇಕಿಲ್ಲ. 130ರಿಂದ 139ರ ನಡುವೆ ಓಡಾಡುವವರೇ ಹೆಚ್ಚು ಸಿಕ್ಕಿಬೀಳುವುದು. ಅದರ ಜೊತೆಗೆ ಸಿಗರೇಟು ಬೀಡಿ, ದಿನವೂ ಕುಡಿತ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಹೊಟ್ಟೆಯ ಬೊಜ್ಜು, ಗೊರಕೆ ಹೊಡೆಯುತ್ತಾ ಮಧ್ಯೆ ಉಸಿರು ಕಟ್ಟುವುದು, ಇವುಗಳಲ್ಲಿ ಒಂದಿದ್ದರೂ ಹೊರಗೆ ಬಿಪಿ ನೋಡಿಕೊಳ್ಳಿ. ಭಾವನಂತೆ ಎಕೋದಲ್ಲಿ ಹೃದಯದ ಗೋಡೆ ದಪ್ಪ ಬಂದವರು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಎಂದು ಗೊತ್ತಾದವರು ತಡಮಾಡಲೇಬಾರದು.

ದುಡಿಮೆಯ ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 3,500 ಕಚೇರಿ ನೌಕರರನ್ನು ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ವಾರಕ್ಕೆ 49 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಮುಸುಕಿನ ಬಿಪಿಯ ಸಂಭವ, 35 ಗಂಟೆಗಿಂತ ಕಡಿಮೆ ದುಡಿಯುವವರಿಗಿಂತ ಶೇ 70ರಷ್ಟು ಜಾಸ್ತಿ ಇತ್ತು. ನಮ್ಮಲ್ಲಿ ವಾರಕ್ಕೆ ಆರು ದಿನ, ದಿನಕ್ಕೆ ಒಂಬತ್ತು ಗಂಟೆ ಅಂದರೇ 54 ಆಯಿತು.

ಹಂತ 2: ಮಷಿನ್

ತೋಳಿಗೆ ಸುತ್ತುವ ಡಿಜಿಟಲ್ ಮಷಿನ್ ಕೊಳ್ಳಿ. ಮಣಿಕಟ್ಟಿನದು ಬೇಡ. ಬೆರಳಿಟ್ಟರೆ ಬಿಪಿ ಹೇಳುತ್ತೇನೆ ಎನ್ನುವ ಮೊಬೈಲ್ ಆ್ಯಪ್ ಆಟದ ಸಾಮಾನು. ಸ್ಮಾರ್ಟ್‌ವಾಚ್‌ನ ಅಂಕಿಯನ್ನೂ ನಾನು ನಂಬುವುದಿಲ್ಲ. ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು, ಅದಕ್ಕೆ ಸರಿಹೊಂದುವ ಪಟ್ಟಿ ತಗೊಳ್ಳಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಹಾಕಿದರೆ ಇಲ್ಲದ ಬಿಪಿ ಬರುತ್ತದೆ.

ಹಂತ 3: ಅಳೆಯುವುದು (ಎಲ್ಲರೂ ಎಡವುವುದು ಇಲ್ಲೇ)

ಭಾವ ಮೊದಲ ದಿನ ಮಷಿನ್ ಫ್ಯಾಕ್ಟರಿಗೆ ಒಯ್ದರು. ಹುಡುಗನೊಬ್ಬನಿಗೆ ಬೈದು ಬಂದವರೇ, ನಿಂತುಕೊಂಡು, ಶರ್ಟಿನ ತೋಳಿನ ಮೇಲೇ ಪಟ್ಟಿ ಸುತ್ತಿ ಗುಂಡಿ ಒತ್ತಿದರು. 164/102! ಗಾಬರಿಯಾಗಿ ಮತ್ತೆ ಒತ್ತಿದರು, ಮತ್ತೆ ಒತ್ತಿದರು. ಆರನೇ ಸಲ 138 ಬಂದಾಗ ಅದನ್ನು ಮಾತ್ರ ಬರೆದುಕೊಂಡರು. ಈ ಎರಡೂ ಅಂಕಿ ಕೆಲಸಕ್ಕೆ ಬಾರವು. ಮೊದಲನೆಯದು ಜಗಳದ ಬಿಪಿ. ಅದು ಯಾರಿಗಾದರೂ ಏರುತ್ತದೆ, ಅದು ಕಾಯಿಲೆ ಅಲ್ಲ. ಎರಡನೆಯದು ನಮಗೆ ಬೇಕಾದ್ದು ಬರುವವರೆಗೆ ಕಾದು ಹಿಡಿದದ್ದು.

ನಮಗೆ ಬೇಕಾದ್ದು ಕೆಲಸದ ದಿನದ ನಡುವೆ, ಆದರೆ ದೇಹ ಕೂತು ಸುಧಾರಿಸಿಕೊಂಡ ಮೇಲಿನ ಬಿಪಿ. ಆಗಲೂ ಇಳಿಯದಿದ್ದರೆ ಅದಕ್ಕೆ ಅರ್ಥವಿದೆ. ಹಾಗಾಗಿ ಗಡಿಯಾರ ನೋಡಿ ಹೊತ್ತು ಗೊತ್ತು ಮಾಡಿಕೊಳ್ಳಿ. ತಲೆ ಬಿಸಿಯಾದಾಗ ನೋಡಿಕೊಳ್ಳಬೇಡಿ. ಭಾವ ಮಧ್ಯಾಹ್ನ 4ಕ್ಕೆ ಸ್ಟೋರ್ ರೂಮು ಆರಿಸಿಕೊಂಡರು. ಅದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ, ಟೀ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿ, ಪಾದ ಎರಡೂ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ. ಬರಿಯ ತೋಳಿಗೆ ಪಟ್ಟಿ ಸುತ್ತಿ, ಕೈಯನ್ನು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿಡಿ. ಐದು ನಿಮಿಷ ಸುಮ್ನೆ ಕೂರಿ. ಫೋನು ನೋಡುವುದೂ ಬೇಡ, ಮಾತೂ ಬೇಡ. ಮಾತಾಡುತ್ತಾ ಅಳೆದರೆ ಮೇಲಿನ ಅಂಕಿ ಹತ್ತು ಏರಿಬಿಡಬಹುದು. ಒಂದು ಸಲ ನೋಡಿ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ. ಎರಡನ್ನೂ ಬರೆಯಿರಿ. ಚೆನ್ನಾಗಿಲ್ಲ ಅಂತ ಮೂರನೆಯದಕ್ಕೆ ಕೈ ಹಾಕಬೇಡಿ.

ಇದೇ ರೀತಿ ಬೆಳಿಗ್ಗೆ ತಿಂಡಿಗೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ ಮನೆಯಲ್ಲಿ. ಏಳು ದಿನ. ಮೊದಲ ದಿನದ್ದನ್ನು ಬಿಟ್ಟುಬಿಡಿ, ಹೊಸ ಮಷಿನ್ ಅಂದರೆ ಎಲ್ಲರಿಗೂ ಸ್ವಲ್ಪ ಅಳುಕು.

ಬಿಪಿ ಮಾತ್ರೆ ಆಗಲೇ ತಗೊಳ್ಳುತ್ತಿರುವವರು ಬೆಳಗಿನ ಅಳತೆಯನ್ನು ಮಾತ್ರೆ ನುಂಗುವ ಮೊದಲೇ ಮಾಡಬೇಕು. ಎಂಟಕ್ಕೆ ಮಾತ್ರೆ ತಗೊಂಡು ಹನ್ನೊಂದಕ್ಕೆ ಡಾಕ್ಟರ ಮುಂದೆ ಕೂತರೆ ಬಿಪಿ ಚೆನ್ನಾಗಿಯೇ ಇರುತ್ತದೆ. ಮಾತ್ರೆಯ ಬಲ ನಸುಕಿಗೆ ಮುಗಿದಿದ್ದರೆ ಅದು ಅಲ್ಲಿ ಗೊತ್ತಾಗುವುದೇ ಇಲ್ಲ.

ಹಂತ 4: ಲೆಕ್ಕ

ಎಲ್ಲವನ್ನೂ ಕೂಡಿಸಿ ಒಂದೇ ಸರಾಸರಿ ತೆಗೆಯಬೇಡಿ. ಭಾವನ ಚೀಟಿ ನೋಡಿ. ಮನೆಯಲ್ಲಿ ಬೆಳಿಗ್ಗೆ ಸರಾಸರಿ 124/79, ರಾತ್ರಿ 136/86. ಎರಡೂ ಸೇರಿಸಿದರೆ ಸುಮಾರು 130/83, ಅಂದರೆ ಗಡಿಯ ಒಳಗೆ. ಮನೆಯ ಲೆಕ್ಕ ಮಾತ್ರ ನೋಡಿದ್ದರೆ ಇನ್ನೊಂದು ಸಲ ತಪ್ಪಿಸಿಕೊಳ್ಳುತ್ತಿದ್ದರು. ಫ್ಯಾಕ್ಟರಿಯ 4 ಗಂಟೆಯ ಸರಾಸರಿ 147/93. ಭಾನುವಾರ ಅದೇ 4 ಗಂಟೆಗೆ ಮನೆಯಲ್ಲಿ 126/80. ಹೀಗೆ ಬೆಳಿಗ್ಗೆ, ಕೆಲಸ, ರಾತ್ರಿ, ರಜೆ ಎಂದು ನಾಲ್ಕು ಸಾಲು ಮಾಡಿದರೆ ಮುಸುಕು ಎಲ್ಲಿ ಸರಿಯುತ್ತದೆ ಎಂದು ಕಾಣುತ್ತದೆ. ಎಕ್ಸೆಲ್ ಗಿಕ್ಸೆಲ್ ಬೇಡ, ಕ್ಯಾಲೆಂಡರಿನ ಹಿಂಬದಿ ಸಾಕು.

ಅಳೆಯುವಾಗ 180/120 ಬಂದು, ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಅಥವಾ ಕೈಕಾಲು ಸೋಲುವುದು ಇದ್ದರೆ ಲೆಕ್ಕ ಬಿಟ್ಟು ಆಸ್ಪತ್ರೆಗೆ ಓಡಿ.

ಹಂತ 5: 24 ಗಂಟೆಯ ಬಿಪಿ ಟೆಸ್ಟ್

ಚೀಟಿ ತೋರಿಸಿದರೆ ವೈದ್ಯರು ಇದನ್ನು ಬರೆಯಬಹುದು. ಸೊಂಟಕ್ಕೊಂದು ಸಣ್ಣ ಡಬ್ಬಿ, ತೋಳಿಗೆ ಪಟ್ಟಿ. ಹಗಲು 20–30 ನಿಮಿಷಕ್ಕೊಮ್ಮೆ ತಾನೇ ಅಳೆಯುತ್ತದೆ, ರಾತ್ರಿಯೂ ಬಿಡುವುದಿಲ್ಲ. ಪಟ್ಟಿ ಬಿಗಿಯುವಾಗ ಕೈ ಅಲ್ಲಾಡಿಸದೆ ನಿಲ್ಲಿ, ಇಲ್ಲದಿದ್ದರೆ ಅರ್ಧ ಅಳತೆ ದಂಡ. ಬಹಳ ಜನ ಇದಕ್ಕೆಂದೇ ರಜೆ ಹಾಕಿ ಮನೆಯಲ್ಲಿ ಮಲಗುತ್ತಾರೆ. ಅದರಿಂದ ದುಡ್ಡು ದಂಡ ಅಷ್ಟೇ. ಕೆಲಸದ ದಿನವೇ ಕಟ್ಟಿಸಿಕೊಳ್ಳಿ, ಎಂದಿನಂತೆಯೇ ಇರಿ. ಎಷ್ಟಕ್ಕೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ, ಮಾತ್ರೆ ಎಷ್ಟಕ್ಕೆ, ಸಿಗರೇಟು ಎಷ್ಟಕ್ಕೆ ಎಂದು ಬರೆದಿಡಿ.

ಭಾವನಿಗೆ ಹಗಲು 144/91, ರಾತ್ರಿ 116/68 ಬಂತು. 24 ಗಂಟೆಯ ಸರಾಸರಿ 135/83. ಅದರ ಗಡಿ 130/80. ವೈದ್ಯೆ ಕಾಗದ ತಿರುಗಿಸಿ, ಎತ್ತರಕ್ಕೆ ಹೋದ ಐದು ಕಡೆ ಪೆನ್ನಿನಲ್ಲಿ ಗುರುತು ಹಾಕಿದರು. ಭಾವ ಬರೆದುಕೊಂಡಿದ್ದ ಚೀಟಿಯ ಪಕ್ಕ ಇಟ್ಟು ನೋಡಿದರೆ, ಅದರಲ್ಲಿ ನಾಲ್ಕು ಸಿಗರೇಟಿನ ಹೊತ್ತು. ‘ಇನ್ನೊಂದು?’ ಅಂದರು ವೈದ್ಯೆ. ‘ಪ್ರೊಡಕ್ಷನ್ ಮೀಟಿಂಗು’ ಅಂದರು ಭಾವ.

ಹೃದಯದ ಗೋಡೆ ಆಗಲೇ ದಪ್ಪಗಾಗಿದ್ದರಿಂದ ಅವರಿಗೆ ಮಾತ್ರೆ ಶುರುವಾಯಿತು. ಸಿಗರೇಟು ಬಿಡಲು ಬೇರೆಯೇ ಚೀಟಿ ಸಿಕ್ಕಿತು. ಮೂರು ತಿಂಗಳ ಮೇಲೆ ಮತ್ತೆ ನೋಡಿಸಬೇಕು, ಆ ಪಟ್ಟಿಯನ್ನೂ ಫ್ಯಾಕ್ಟರಿಗೆ ಹೋಗುವ ದಿನವೇ ಕಟ್ಟಿಸಿಕೊಂಡು.