ಹೊಸಬರಿಗೆ ಮಾರ್ಗದರ್ಶಿ: ಪ್ಯಾಂಟಿನ ಚೀಟಿಯ 34 ಬೇರೆ, ಸೊಂಟದ 34 ಬೇರೆ

ಹೊಸ ಊರಿಗೆ ಬಂದ ಮೊದಲ ತಿಂಗಳಲ್ಲೇ ಕೆಲಸಕ್ಕೆ, ಚಳಿಗೆ ಅಂತ ಪ್ಯಾಂಟು ಕೊಳ್ಳಬೇಕಾಗುತ್ತದೆ. ಮನೆಯಲ್ಲಿ ಟೇಪು ಹಿಡಿದು ಸೊಂಟ ಅಳೆದು, ಬಂದ ಸಂಖ್ಯೆಯ ಪ್ಯಾಂಟನ್ನೇ ತರಿಸುತ್ತೀರಿ. ಅದು ಜಾರುತ್ತದೆ, ಇಲ್ಲವೇ ಗುಂಡಿ ಹಾಕಲು ಬರುವುದಿಲ್ಲ. ಟೇಪೂ ಸರಿಯಾಗಿದೆ, ನೀವು ಅಳೆದದ್ದೂ ಸರಿಯಾಗಿದೆ. ಚೀಟಿಯ ಮೇಲಿರುವ ಸಂಖ್ಯೆ ನೀವು ಅಳೆದ ಜಾಗದ್ದಲ್ಲ. ಎಷ್ಟೋ ಸಲ ಅದು ಯಾವ ಜಾಗದ ಅಳತೆಯೂ ಅಲ್ಲ.

ಸೊಂಟ ಅಂದರೆ ಎಲ್ಲಿ ಎನ್ನುವುದರಿಂದಲೇ ಗೊಂದಲ ಶುರುವಾಗುತ್ತದೆ. ವೈದ್ಯರಿಗೆ ಸೊಂಟವೆಂದರೆ ಕೊನೆಯ ಪಕ್ಕೆಲುಬಿಗೂ ಪಕ್ಕದಲ್ಲಿ ಕೈಗೆ ಸಿಗುವ ಸೊಂಟದ ಮೂಳೆಯ ಮೇಲಂಚಿಗೂ ನಡುವಿನ ಜಾಗ. ಹೊಲಿಗೆಯವರು ಸಾಮಾನ್ಯವಾಗಿ ನಡುವಿನ ಅತಿ ಸಣ್ಣ ಸುತ್ತನ್ನು ಸೊಂಟ ಎನ್ನುತ್ತಾರೆ. ಇಂದಿನ ಹೆಚ್ಚಿನ ಪ್ಯಾಂಟುಗಳು ಈ ಎರಡೂ ಜಾಗಕ್ಕಿಂತ ಎರಡು ಮೂರು ಇಂಚು ಕೆಳಗೆ, ಸೊಂಟದ ಮೂಳೆಯ ಮೇಲೆ ಕೂರುತ್ತವೆ. ಹೊಟ್ಟೆ ಇಲ್ಲದವರಲ್ಲಿ ಕೆಳಗೆ ಹೋದಂತೆ ಸುತ್ತಳತೆ ಹೆಚ್ಚುತ್ತದೆ. ನಡುವಿನಲ್ಲಿ 32 ಇಂಚು ಇರುವವರಿಗೆ ಪ್ಯಾಂಟು ಕೂರುವಲ್ಲಿ 34 ಅಥವಾ 35 ಇರಬಹುದು. ಹೊಟ್ಟೆ ಬಂದವರಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ: ಮೇಲೆ ಹೆಚ್ಚು, ಕೆಳಗೆ ಕಡಿಮೆ.

ಪ್ಯಾಂಟುಗಳು ಹೊಕ್ಕುಳಿನ ಮಟ್ಟದಲ್ಲಿ ಕೂರುತ್ತಿದ್ದಾಗ 32 ಎಂಬ ಚೀಟಿಗೂ 32 ಇಂಚಿನ ನಡುವಿಗೂ ಸರಿಹೊಂದುತ್ತಿತ್ತು. ಸೊಂಟಪಟ್ಟಿ ಕೆಳಗಿಳಿದಾಗ ಅದು ದೊಡ್ಡ ಸುತ್ತನ್ನು ಬಳಸಬೇಕಾಯಿತು, ಬಟ್ಟೆಯ ಅಳತೆ ಹೆಚ್ಚಾಯಿತು. ಕೊಳ್ಳುವವರು ತಮ್ಮನ್ನು 32ರವರೆಂದೇ ತಿಳಿದಿದ್ದರಿಂದ ಚೀಟಿಯ ಸಂಖ್ಯೆ ಮಾತ್ರ ಹಾಗೇ ಉಳಿಯಿತು. ಇಷ್ಟರ ಮಟ್ಟಿಗೆ ಇದರಲ್ಲಿ ಮೋಸವೇನೂ ಇಲ್ಲ. ಇದರ ಮೇಲೆ ಹೊಲಿಗೆಯವರು ಉಸಿರಾಡಲು, ಕುಳಿತುಕೊಳ್ಳಲು ಅರ್ಧದಿಂದ ಒಂದು ಇಂಚು ಲೂಸ್ ಬಿಡುತ್ತಾರೆ. ಅದೂ ಬೇಕಾದದ್ದೇ.

ಇವೆರಡರ ಆಚೆಗೂ ಸೇರುವ ಇಂಚುಗಳಿಗೆ ವ್ಯಾನಿಟಿ ಸೈಜಿಂಗ್ ಎನ್ನುತ್ತಾರೆ. ದೊಡ್ಡ ಬಟ್ಟೆಗೆ ಚಿಕ್ಕ ಸಂಖ್ಯೆ ಹಚ್ಚುವುದು ಇದರ ತಂತ್ರ. 36 ಹಾಕುತ್ತಿದ್ದವರಿಗೆ 34 ಸರಿಹೋದರೆ ಸಂತೋಷವಾಗುತ್ತದೆ, ಆ ಸಂತೋಷದಲ್ಲಿ ಪ್ಯಾಂಟು ಮಾರಾಟವಾಗುತ್ತದೆ. 2010ರಲ್ಲಿ ಅಮೆರಿಕದ ಎಸ್ಕ್ವೈರ್ ಪತ್ರಿಕೆಗಾಗಿ ಅಬ್ರಾಂ ಸಾವರ್ ಎಂಬವರು ಬೇರೆ ಬೇರೆ ಕಂಪನಿಗಳ, 36 ಎಂದು ಚೀಟಿಯಿದ್ದ ಗಂಡಸರ ಪ್ಯಾಂಟುಗಳನ್ನು ಟೇಪು ಹಿಡಿದು ಅಳೆದರು. ಅತಿ ಚಿಕ್ಕದೇ 37 ಇಂಚು ಇತ್ತು, ಅತಿ ದೊಡ್ಡದು 41. ಚೀಟಿ ಒಂದೇ, ನಡುವೆ ನಾಲ್ಕು ಇಂಚಿನ ವ್ಯತ್ಯಾಸ. ಎಲ್ಲ ಕಂಪನಿಗಳೂ ಒಂದೇ ಪ್ರಮಾಣದಲ್ಲಿ ಹೆಚ್ಚಿಸಿದ್ದರೆ ನಾವು ಅಷ್ಟನ್ನು ಕಳೆದುಕೊಂಡು ಓದಬಹುದಿತ್ತು. ಒಬ್ಬೊಬ್ಬರು ಒಂದೊಂದು ಥರ ಹೆಚ್ಚಿಸುವುದರಿಂದ ಸಂಖ್ಯೆಯನ್ನು ನಂಬುವ ಹಾಗಿಲ್ಲ.

ಹೆಂಗಸರ ಪ್ಯಾಂಟುಗಳಲ್ಲಿ ಇದು ಇನ್ನೂ ಕಷ್ಟ. ಅಲ್ಲಿ 8, 10, 12 ಎಂಬ ಸಂಖ್ಯೆಗಳು ಇಂಚೂ ಅಲ್ಲ, ಸೆಂಟಿಮೀಟರೂ ಅಲ್ಲ, ಹಾಗಾಗಿ ಅವನ್ನು ಸರಿಸುವುದು ಸುಲಭ. ಅಮೆರಿಕ ಸರ್ಕಾರ 1958ರಲ್ಲಿ ಹೊರತಂದ ಅಳತೆಪಟ್ಟಿಯಲ್ಲಿ 8ನೇ ಸೈಜಿನ ಸೊಂಟ 23.5 ಇಂಚು. 1983ರಲ್ಲಿ ಆ ಪಟ್ಟಿಯನ್ನೇ ಹಿಂತೆಗೆದುಕೊಂಡರು. 1995ರಲ್ಲಿ ಮಾನದಂಡಗಳನ್ನು ರೂಪಿಸುವ ಎಎಸ್‌ಟಿಎಂ ಸಂಸ್ಥೆ, ಕಂಪನಿಗಳು ಬೇಕಾದರೆ ಬಳಸಿಕೊಳ್ಳಲಿ ಎಂದು ಹೊರತಂದ ಪಟ್ಟಿಯಲ್ಲಿ ಅದೇ 8ರ ಸೊಂಟ 27 ಇಂಚು ಆಗಿತ್ತು. ಇದರ ಜೊತೆಗೆ ದೇಶದಿಂದ ದೇಶಕ್ಕೂ ಸಂಖ್ಯೆ ಬೇರೆ: ಅಮೆರಿಕದ 8 ಬ್ರಿಟನ್ನಿನಲ್ಲಿ ಸುಮಾರಾಗಿ 12, ಜರ್ಮನಿಯಲ್ಲಿ 38, ಫ್ರಾನ್ಸಿನಲ್ಲಿ 40. ಗಂಡಸರ ಪ್ಯಾಂಟಿಗೆ ಯುರೋಪಿನ ಸಂಖ್ಯೆ ಕಂಡರೆ 16 ಕಳೆಯಿರಿ, 48 ಎಂದರೆ 32. ಆದರೆ ಕಳೆದ ಮೇಲೆ ಸಿಗುವುದೂ ಚೀಟಿಯ 32 ತಾನೇ, ಸೊಂಟದ 32 ಅಲ್ಲ.

ಹಾಗಾದರೆ ಏನನ್ನು ನಂಬಬೇಕು? ನಿಮ್ಮ ಬಳಿ ಈಗಾಗಲೇ ಇರುವ, ಬೆಲ್ಟಿಲ್ಲದೆಯೂ ನಿಲ್ಲುವ, ಕುಳಿತಾಗ ಒತ್ತದ ಒಂದು ಪ್ಯಾಂಟನ್ನು. ದೇಹಕ್ಕಿಂತ ಅದನ್ನು ಅಳೆಯುವುದು ಸುಲಭ, ತಪ್ಪುವುದೂ ಕಡಿಮೆ.

ಪ್ಯಾಂಟಿನ ಗುಂಡಿ, ಜಿಪ್ಪು ಹಾಕಿ ಮೇಜಿನ ಮೇಲೆ ಅಂಗಾತ ಹರಡಿ, ಸುಕ್ಕು ಸರಿಮಾಡಿ. ಸೊಂಟಪಟ್ಟಿಯ ಹಿಂಭಾಗ ಮುಂಭಾಗಕ್ಕಿಂತ ತುಸು ಎತ್ತರ ಇರುತ್ತದೆ. ಮುಂಭಾಗವನ್ನು ಮೇಲಕ್ಕೆಳೆದು ಎರಡೂ ಅಂಚು ಒಂದರ ಮೇಲೊಂದು ಬರುವಂತೆ ಕೂರಿಸಿ, ಎಡತುದಿಯಿಂದ ಬಲತುದಿಗೆ ಟೇಪನ್ನು ನೇರ ಹಿಡಿಯಿರಿ. ಬಟ್ಟೆಯನ್ನು ಎಳೆಯಬೇಡಿ. ಬಂದದ್ದನ್ನು ಎರಡರಿಂದ ಗುಣಿಸಿ. ಮುಂಭಾಗವನ್ನು ಇಳಿಬಿಟ್ಟು ಹಿಂದಿನ ಅಂಚಿನ ಮೇಲೆ ಅಳೆದರೆ ಬೇರೆ ಸಂಖ್ಯೆ ಬರುತ್ತದೆ, ಆದ್ದರಿಂದ ಪ್ರತಿ ಸಲವೂ ಒಂದೇ ರೀತಿ ಅಳೆಯಿರಿ. ಇಲ್ಲಿ ಕಾಲು ಇಂಚು ತಪ್ಪಿದರೆ ಗುಣಿಸಿದ ಮೇಲೆ ಅರ್ಧ ಇಂಚಾಗುತ್ತದೆ, ಹಾಗಾಗಿ ಮೂರು ಸಲ ಅಳೆದು ಹೊಂದುವುದನ್ನು ಬರೆದುಕೊಳ್ಳಿ.

ಆಮೇಲೆ ಇನ್ನೊಂದು ಅಳತೆ: ಕಾಲುಗಳು ಸೇರುವಲ್ಲಿನ ನಾಲ್ಕು ಹೊಲಿಗೆಗಳ ಕೂಡುವ ಜಾಗದಿಂದ ಮುಂದಿನ ಸೊಂಟಪಟ್ಟಿಯ ಮೇಲಂಚಿನವರೆಗೆ. ಅಂಗಡಿಯವರು ಇದನ್ನು ಫ್ರಂಟ್ ರೈಸ್ ಎನ್ನುತ್ತಾರೆ. ಪ್ಯಾಂಟು ನಿಮ್ಮ ಮೈಮೇಲೆ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಹೇಳುವುದು ಇದೇ. ಸೊಂಟದ ಅಳತೆ ಕೂಡಿಬಂದರೂ ರೈಸ್ ಎರಡು ಇಂಚು ಬೇರೆಯಾದರೆ ಪ್ಯಾಂಟು ಕೂರುವ ಜಾಗವೇ ಬದಲಾಗುತ್ತದೆ, ಸೊಂಟದ ಲೆಕ್ಕವೂ ಕೆಡುತ್ತದೆ. ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ, ಆನ್‌ಲೈನಿನಲ್ಲಿ ತರಿಸಿದ ಪ್ಯಾಂಟು ಕೂಡಿಬಾರದೆ ಹೋಗುವುದಕ್ಕೆ ಇದೊಂದು ದೊಡ್ಡ ಕಾರಣ.

ಒಂದು ಉದಾಹರಣೆ ಹಿಡಿಯೋಣ. ಒಬ್ಬರಿಗೆ ಸರಿಯಾಗಿ ಕೂರುವ ಪ್ಯಾಂಟಿನ ಚೀಟಿ 34. ಹರಡಿ ಅಳೆದರೆ 18.25 ಇಂಚು, ಎರಡರಿಂದ ಗುಣಿಸಿದರೆ 36.5. ರೈಸ್ 10.5. ಅವರು ಕೊಳ್ಳಬೇಕಾದದ್ದು 36.5 ಇಂಚಿನ ಪ್ಯಾಂಟು, ಚೀಟಿ ಏನಾದರೂ ಇರಲಿ. ಬೇರೊಂದು ಕಂಪನಿಯ ಪುಟದಲ್ಲಿ ಬಟ್ಟೆಯ ಅಳತೆಯನ್ನೇ ಕೊಟ್ಟಿದ್ದಾರೆ: 34ಕ್ಕೆ 34.5 ಇಂಚು, 36ಕ್ಕೆ 36.5 ಇಂಚು, ರೈಸ್ 10.5. ಅಲ್ಲಿ ಅವರು 36 ತೆಗೆದುಕೊಳ್ಳಬೇಕು. ಅಭ್ಯಾಸದಂತೆ 34 ತರಿಸಿದರೆ ಎರಡು ಇಂಚು ಬಿಗಿ. ಮೂರನೆಯ ಕಂಪನಿ ದೇಹದ ಅಳತೆ ಮಾತ್ರ ಕೊಟ್ಟಿದೆ: 34 ಎಂದರೆ 86 ಸೆಂಟಿಮೀಟರ್, 36 ಎಂದರೆ 91. ಇದು ಇಂಚನ್ನು 2.54ರಿಂದ ಗುಣಿಸಿ ಬರೆದ ಪಟ್ಟಿ ಅಷ್ಟೆ, ಬಟ್ಟೆ ಎಷ್ಟಿದೆ ಎಂದು ಅದು ಹೇಳುವುದೇ ಇಲ್ಲ. ಇಂಥ ಕಡೆ ಕಂಪನಿಗೆ ಬರೆದು ಹರಡಿದಾಗಿನ ಸೊಂಟದ ಅಳತೆ ಕೇಳಿ. ಉತ್ತರ ಬರದಿದ್ದರೆ, ಹಿಂತಿರುಗಿಸುವ ಷರತ್ತು ಓದಿಕೊಂಡು 34, 36 ಎರಡನ್ನೂ ತರಿಸಿ, ಚೀಟಿ ಕೀಳುವ ಮೊದಲೇ ಅಳೆದು ಒಂದನ್ನು ಕಳಿಸಿಬಿಡುವುದು ಮೇಲು.

ಒಂದೇ ಕಂಪನಿಯ ಒಂದೇ ಮಾದರಿ, ಒಂದೇ ಸೈಜು ಕೂಡ ಬಣ್ಣ ಬದಲಾದರೆ ವ್ಯತ್ಯಾಸವಾಗಬಹುದು. ಜೀನ್ಸನ್ನು ಹೊಲಿದ ಮೇಲೆ ತೊಳೆದು ಬಣ್ಣ ಇಳಿಸುತ್ತಾರೆ. ಆ ತೊಳೆತ ಬೇರೆಯಾದಂತೆ ಕುಗ್ಗುವುದೂ ಬೇರೆ. ಕಪ್ಪು ಜೀನ್ಸ್ ಸರಿಹೋಯಿತೆಂದು ನೀಲಿಯನ್ನು ಕಣ್ಣು ಮುಚ್ಚಿ ತರಿಸಬೇಡಿ. ಇನ್ನು ಚೀಟಿಯಲ್ಲಿ ಎಲಾಸ್ಟೇನ್ 2 ಪರ್ಸೆಂಟ್ ಎಂದಿದ್ದರೆ ಬಟ್ಟೆ ಹಿಗ್ಗುತ್ತದೆ, ನಿಮ್ಮ ಅಳತೆಗಿಂತ ಒಂದು ಇಂಚು ಕಡಿಮೆಯಿದ್ದರೂ ನಡೆಯುತ್ತದೆ. ಪೂರಾ ಹತ್ತಿಯದಾದರೆ ಅಷ್ಟು ರಿಯಾಯಿತಿ ಇಲ್ಲ. ಹಾಕಿಕೊಂಡ ದಿನ ತುಸು ಸಡಿಲವಾಗಿ, ಒಗೆದ ಮೇಲೆ ಮತ್ತೆ ಬಿಗಿಯಾಗುತ್ತದೆ. ಅದಕ್ಕೇ ನಿಮ್ಮ ಮಾದರಿ ಪ್ಯಾಂಟನ್ನು ಒಗೆದು ಒಣಗಿಸಿದ ಮೇಲೆ, ಹಾಕಿಕೊಳ್ಳುವ ಮೊದಲು ಅಳೆಯಿರಿ.

ಟೈಲರ್ ಹತ್ತಿರ ಸರಿಮಾಡಿಸುವುದಕ್ಕೂ ಮಿತಿ ಇದೆ. ಗಂಡಸರ ಫಾರ್ಮಲ್ ಪ್ಯಾಂಟಿನಲ್ಲಿ ಹಿಂದಿನ ನಡುಹೊಲಿಗೆಯ ಒಳಗೆ ಹೆಚ್ಚುವರಿ ಬಟ್ಟೆ ಬಿಟ್ಟಿರುತ್ತಾರೆ, ಒಳಗೆ ತಿರುಗಿಸಿ ನೋಡಿದರೆ ಕಾಣುತ್ತದೆ. ಅಷ್ಟು ಇದ್ದರೆ ಒಂದು ಇಂಚಿನಷ್ಟು ಬಿಡಿಸಬಹುದು. ಜೀನ್ಸಿನಲ್ಲಿ ಆ ಬಟ್ಟೆ ಇರುವುದಿಲ್ಲ, ಬಿಗಿಯಾದದ್ದು ಬಿಗಿಯೇ. ಕಿರಿದು ಮಾಡಿಸುವುದಾದರೆ ಎರಡು ಇಂಚಿನವರೆಗೆ ಸರಿ. ಅದಕ್ಕಿಂತ ಹೆಚ್ಚು ಹಿಡಿದರೆ ಹಿಂದಿನ ಜೇಬುಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಎರಡು ಸೈಜಿನ ನಡುವೆ ಸಿಕ್ಕಿಕೊಂಡರೆ ದೊಡ್ಡದನ್ನೇ ಆರಿಸಿ.

ಮಕ್ಕಳದು ಅಷ್ಟು ಜಟಿಲವಲ್ಲ. ಯುರೋಪಿನ ಚೀಟಿಯಲ್ಲಿ 116 ಎಂದಿದ್ದರೆ ಅದು ಮಗುವಿನ ಎತ್ತರ, ಸೆಂಟಿಮೀಟರಿನಲ್ಲಿ. ವಯಸ್ಸು ಮಾತ್ರ ಬರೆದಿದ್ದರೆ ಎತ್ತರ ಎಷ್ಟೆಂದು ಪಟ್ಟಿಯಲ್ಲಿ ನೋಡಿ, ಒಳಗೆ ಗುಂಡಿ ಹಾಕಿ ಬಿಗಿಮಾಡುವ ಎಲಾಸ್ಟಿಕ್ ಇರುವುದನ್ನು ಕೊಳ್ಳಿ.

ಕೊನೆಯದಾಗಿ, ಬಟ್ಟೆಗಿಂತ ಮುಖ್ಯವಾದ ವಿಷಯ. ಹೊಸ ವೈದ್ಯರಲ್ಲಿ ಹೆಸರು ನೋಂದಾಯಿಸುವಾಗ ಸೊಂಟದ ಸುತ್ತಳತೆ ಕೇಳಬಹುದು. ಅಲ್ಲಿ ಪ್ಯಾಂಟಿನ ಸೈಜು ಬರೆಯಬೇಡಿ. ದಕ್ಷಿಣ ಏಷ್ಯಾದವರಿಗೆ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ ಹೇಳುವ ಎಚ್ಚರಿಕೆಯ ಗೆರೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಮೇಲಿನ ಉದಾಹರಣೆಯ ವ್ಯಕ್ತಿ 34 ಎಂದು ಬರೆದರೆ ಅದು 86 ಆಗಿ ಗೆರೆಯ ಒಳಗೇ ಇದ್ದಂತೆ ಕಾಣುತ್ತದೆ. ಆದರೆ ಅವರಿಗೆ ಹೊಟ್ಟೆ ಬಂದು ಪ್ಯಾಂಟು ಅದರ ಕೆಳಗೆ ಇಳಿದು ಕೂತಿದ್ದರೆ, ಚೀಟಿ ಬದಲಾಗದೆಯೇ ಮೇಲಿನ ಸುತ್ತು 96 ಇರಲು ಸಾಧ್ಯ. ಅಂಗಿ ಎತ್ತಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪನ್ನು ನೆಲಕ್ಕೆ ಸಮಾನಾಂತರವಾಗಿ ಸುತ್ತಿ, ಹೊಟ್ಟೆ ಒಳಗೆಳೆಯದೆ ಸಹಜವಾಗಿ ಉಸಿರು ಬಿಟ್ಟ ಮೇಲೆ ಬರುವ ಸಂಖ್ಯೆಯನ್ನು ಬರೆಯಿರಿ.