ಗೆಳೆಯನ ‘ರಿಸೀಪ್ಟ್’ ಮತ್ತು ನನ್ನ ಅಣಕ

ನಾನು ಮೈಸೂರಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬೆಳೆದವನು. ನನ್ನ ಗೆಳೆಯ ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯವನು. ಇಂಗ್ಲಿಷ್ ಅಕ್ಷರಗಳನ್ನು ಐದನೇ ತರಗತಿಯಲ್ಲಿ ಮೊದಲ ಬಾರಿಗೆ ತಿದ್ದಿ, ಪಿಯುಸಿಗೆ ಇಂಗ್ಲಿಷ್ ಮಾಧ್ಯಮ ಸೇರಿದಾಗ ಶಬ್ದಕೋಶವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪದವನ್ನು ದಕ್ಕಿಸಿಕೊಂಡವನು. ಬೆಂಗಳೂರಿನ ಒಂದು ಲೆಕ್ಕಪತ್ರ ಕಚೇರಿಯಲ್ಲಿ ನಮ್ಮಿಬ್ಬರ ಮೇಜುಗಳು ಅಕ್ಕಪಕ್ಕದಲ್ಲಿದ್ದವು. ತಾಳೆಯಾಗದ ಖಾತೆಯನ್ನು ಕೈಗೆತ್ತಿಕೊಂಡರೆ ನನಗಿಂತ ಬೇಗ ತಪ್ಪನ್ನು ಹುಡುಕುತ್ತಿದ್ದವನು ಅವನೇ. ಆದರೆ ಅವನ ಬಾಯಿಂದ ‘ರಿಸೀಪ್ಟ್’ ಎಂಬ ಪದ ಬಂದ ದಿನದಿಂದ, ಅಂದರೆ ರಸೀದಿ ಎಂಬರ್ಥದ ಇಂಗ್ಲಿಷ್ ಪದವನ್ನು, ಉಚ್ಚರಿಸಬಾರದ ಪಿ ಅಕ್ಷರವನ್ನೂ ಸ್ಪಷ್ಟವಾಗಿ ಉಚ್ಚರಿಸಿ ಅವನು ಓದಿದ ದಿನದಿಂದ, ಸುಮಾರು ಎಂಟು ತಿಂಗಳ ಕಾಲ ನಾನು ಅವನಿಗೆ ಮಾಡಿದ್ದನ್ನು ಮತ್ತು ಆಮೇಲೆ ಅದನ್ನು ಸರಿಪಡಿಸಿಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಾಡುತ್ತಿದ್ದದ್ದು ಇಷ್ಟೇ: ರಸೀದಿ ಪುಸ್ತಕ ಕಣ್ಣಿಗೆ ಬಿದ್ದಾಗಲೆಲ್ಲ ಅವನ ಧ್ವನಿಯಲ್ಲಿಯೇ, ಪಿ ಅಕ್ಷರವನ್ನು ಇನ್ನಷ್ಟು ಒತ್ತಿ, “ಒಂದು ರಿಸೀಪ್ಟ್ ಕೊಡಪ್ಪ” ಎನ್ನುತ್ತಿದ್ದೆ. ಸುತ್ತಲಿನ ಮೂರು ನಾಲ್ಕು ಜನ ನಗುತ್ತಿದ್ದರು, ಅವನೂ ನಗುತ್ತಿದ್ದ. ಹೀಗೆ ಕಿಚಾಯಿಸುತ್ತಿದ್ದರೆ ಅವನು ತಾನಾಗಿಯೇ ತಿದ್ದಿಕೊಳ್ಳುತ್ತಾನೆ, ಎದುರಿಗೆ ಕೂರಿಸಿಕೊಂಡು ತಪ್ಪು ಎಂದು ಹೇಳುವುದಕ್ಕಿಂತ ಇದೇ ಮೃದುವಾದ ದಾರಿ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಅವನು ತಿದ್ದಿಕೊಳ್ಳಲು ಪ್ರಯತ್ನಿಸಿದ್ದೂ ನಿಜ. ಕೆಲವು ವಾರಗಳ ನಂತರ ಒಮ್ಮೆ ‘ರೆಸಿಪ್ಟ್’ ಎಂದ, ಇನ್ನೊಮ್ಮೆ ‘ರಿಸಪ್ಟ್’ ಎಂದ. ಪ್ರತಿ ಸಲವೂ ನಗು ಹೆಚ್ಚಾಯಿತು. ಆಗ ನನಗೆ ಹೊಳೆಯದಿದ್ದ ಸಂಗತಿಯೊಂದು ಈಗ ಸ್ಪಷ್ಟವಾಗಿ ಕಾಣುತ್ತದೆ. ಅಣಕವು ತಪ್ಪು ರೂಪವನ್ನಷ್ಟೇ ಮತ್ತೆ ಮತ್ತೆ ಹೇಳುತ್ತದೆ. ಸರಿಯಾದ ರೂಪ ಅದರಲ್ಲಿ ಎಲ್ಲಿಯೂ ಇರುವುದಿಲ್ಲ. ಪದದಲ್ಲಿ ಏನೋ ತಪ್ಪಿದೆ ಎಂಬುದು ಅವನಿಗೆ ತಿಳಿಯಿತು, ಆದರೆ ಯಾವ ಭಾಗದಲ್ಲಿ ಎಂಬುದು ತಿಳಿಯಲಿಲ್ಲ. ಪಿ ಅಕ್ಷರ ಬರವಣಿಗೆಯಲ್ಲಿ ಕಣ್ಣೆದುರಿಗೇ ಇರುವುದರಿಂದ ಅದರ ಮೇಲೆ ಅನುಮಾನ ಪಡಲು ಅವನಿಗೆ ಕಾರಣವೇ ಇರಲಿಲ್ಲ. ಹಾಗಾಗಿ ಅವನು ಸ್ವರಗಳನ್ನು ಬದಲಿಸಿ ನೋಡುತ್ತಿದ್ದ, ಅಂದರೆ ಸರಿಯಾಗಿದ್ದ ಭಾಗವನ್ನೇ ಕೆಡಿಸಿಕೊಳ್ಳುತ್ತಿದ್ದ.

ಆಮೇಲೆ ಅವನು ಆ ಪದವನ್ನೇ ಬಿಟ್ಟ. ‘ಬಿಲ್ಲು’ ಎನ್ನುತ್ತಿದ್ದ, ‘ಚೀಟಿ’ ಎನ್ನುತ್ತಿದ್ದ, ಕೆಲವೊಮ್ಮೆ ಪುಸ್ತಕವನ್ನು ಕೈಯಲ್ಲಿ ಹಿಡಿದು ತೋರಿಸಿ ಸುಮ್ಮನಾಗುತ್ತಿದ್ದ. ಲೆಕ್ಕಪತ್ರದ ಕೆಲಸದಲ್ಲಿ ಬಿಲ್ಲಿಗೂ ರಸೀದಿಗೂ ಇರುವ ವ್ಯತ್ಯಾಸ ಅವನಿಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿ ಇರಲಿಲ್ಲ. ಅಂಥವನು ಬೇಕೆಂದೇ ತಪ್ಪು ಪದವನ್ನು ಆರಿಸಿಕೊಳ್ಳುತ್ತಿದ್ದಾನೆ ಎಂದರೆ ಏನರ್ಥ ಎಂದು ನಾನು ಅಂದೇ ಕೇಳಿಕೊಳ್ಳಬೇಕಿತ್ತು. ತಮಾಷೆ ನೋಯಿಸುತ್ತಿದೆಯೇ ಇಲ್ಲವೇ ಎಂಬುದನ್ನು ಎದುರಿನವರ ನಗುವಿನಿಂದ ಅಳೆಯಲಾಗುವುದಿಲ್ಲ, ಏಕೆಂದರೆ ನಗದೆ ಅವರಿಗೆ ಬೇರೆ ದಾರಿ ಇರುವುದಿಲ್ಲ. ಅವರ ಮಾತಿನಿಂದ ಯಾವ ಪದಗಳು ಕಾಣೆಯಾಗುತ್ತಿವೆ ಎಂಬುದನ್ನು ಗಮನಿಸಿದರೆ ತಿಳಿಯುತ್ತದೆ.

ಲೆಕ್ಕಪರಿಶೋಧಕರು ಬಂದ ದಿನ ಅವನು ತಾನೇ ಸಿದ್ಧಪಡಿಸಿದ್ದ ಕಡತವನ್ನು ನನ್ನ ಕೈಗಿತ್ತು “ನೀನೇ ವಿವರಿಸಿಬಿಡು” ಎಂದ. ಸಂಜೆ ಚಹಾ ಕುಡಿಯುವಾಗ ಏಕೆ ಹಾಗೆ ಮಾಡಿದೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅವನು ಹೇಳಿದ: “ತಪ್ಪು ಅಂತ ನೂರು ಸಲ ತೋರ್ಸಿದ್ದೀಯ ಕಣೋ. ಸರಿ ಯಾವ್ದು ಅಂತ ಒಂದು ಸಲನಾದ್ರೂ ಹೇಳಿದ್ದೀಯಾ?”

ನನ್ನ ಬಳಿ ಉತ್ತರವಿರಲಿಲ್ಲ. ಅವನು ಇನ್ನೊಂದು ಮಾತನ್ನೂ ಸೇರಿಸಿದ. ನಾನು ನೇರವಾಗಿ ತಿದ್ದಿದ್ದರೆ ಅವನು ಒಪ್ಪಬಹುದಿತ್ತು, ವಾದಿಸಬಹುದಿತ್ತು, ಈಗ ಬೇಡ ಎನ್ನಬಹುದಿತ್ತು. ತಮಾಷೆಯ ರೂಪದಲ್ಲಿ ಬಂದದ್ದಕ್ಕೆ ಇವು ಯಾವುವೂ ಸಲ್ಲುವುದಿಲ್ಲ. ಬೇಸರಪಟ್ಟರೆ “ತಮಾಷೆ ಅಲ್ವೇನೋ, ಅಷ್ಟಕ್ಕೆಲ್ಲ ಮುಖ ಊದಿಸ್ಕೊಳ್ತೀಯಾ” ಎಂಬ ಮಾತು ಮೊದಲೇ ಸಿದ್ಧವಾಗಿರುತ್ತದೆ. ತಿದ್ದುವವನ ಮೇಲುಗೈಯನ್ನು ನಾನು ಉಳಿಸಿಕೊಂಡಿದ್ದೆ, ತಿದ್ದುವವನ ಹೊಣೆಯನ್ನು ಬಿಟ್ಟುಕೊಟ್ಟಿದ್ದೆ.

ಅಂದು ಅವನು ನೆನಪಿಸಿದ ಸಂಗತಿಯೊಂದು ನನ್ನನ್ನು ಇನ್ನೂ ಹೆಚ್ಚು ಕಲಕಿತು. ನನ್ನ ಕನ್ನಡದಲ್ಲಿ ಲ ಮತ್ತು ಳ ಬಹಳ ದಿನ ಕಲಸಿಹೋಗಿದ್ದವು. ಮೊದಲ ವರ್ಷ ನಾನು “ನಿಮ್ಮ ಹಲ್ಲಿಗೆ ಯಾವಾಗ ಕರೆದುಕೊಂಡು ಹೋಗುತ್ತೀಯ” ಎಂದು ಕೇಳಿದ್ದೆನಂತೆ. ಹಳ್ಳಿ ಹಲ್ಲಿಯಾದರೆ ನಗುವುದಕ್ಕೆ ಇನ್ನೇನು ಬೇಕು! ಅವನು ನಕ್ಕಿರಲಿಲ್ಲ. “ನಮ್ಮ ಹಳ್ಳಿಗಾ? ಹಬ್ಬಕ್ಕೆ ಹೋಗೋಣ, ಹಳ್ಳೀಲಿ ಆಗ ಚೆನ್ನಾಗಿರುತ್ತೆ” ಎಂದು ಸರಿಯಾದ ಪದವನ್ನು ತನ್ನ ಉತ್ತರದೊಳಗೆ ಎರಡು ಸಲ ಇಟ್ಟು ಮಾತು ಮುಂದುವರಿಸಿದ್ದ. ಅದು ತಿದ್ದುಪಡಿ ಎಂಬುದೇ ನನಗೆ ತಿಳಿದಿರಲಿಲ್ಲ, ಆದರೆ ಳ ನನ್ನ ನಾಲಿಗೆಗೆ ಬಂದದ್ದು ಅವನ ಸಹವಾಸದಲ್ಲಿಯೇ. ಸಂಭಾಷಣೆಯನ್ನು ಅಧ್ಯಯನ ಮಾಡುವವರು ಇದಕ್ಕೆ ಮಾತಿನೊಳಗೆ ಹುದುಗಿಸಿದ ತಿದ್ದುಪಡಿ ಎಂಬರ್ಥದ ಹೆಸರು ಕೊಟ್ಟಿದ್ದಾರೆ ಎಂದೂ, ಗೇಲ್ ಜೆಫರ್ಸನ್ 1987ರಲ್ಲಿಯೇ ಇದರ ಬಗ್ಗೆ ಬರೆದಿದ್ದಾರೆ ಎಂದೂ ನನಗೆ ಆಮೇಲೆ ತಿಳಿಯಿತು. ನನ್ನ ಗೆಳೆಯ ಅದನ್ನು ಯಾರ ಪುಸ್ತಕವನ್ನೂ ಓದದೆ ಮಾಡಿದ್ದ.

ನಾನು ಕ್ಷಮೆ ಕೇಳಿದೆ. ಜೊತೆಗೆ, ಇನ್ನು ಮುಂದೆ ತಿದ್ದಬೇಕೇ ಬೇಡವೇ ಎಂದೂ ಕೇಳಿದೆ. ಬೇಕು ಎಂದ, ಆದರೆ ಬೇರೆಯವರ ಎದುರಿಗೆ ಬೇಡ, ದಿನಕ್ಕೆ ಒಂದೇ ಪದ ಸಾಕು ಎಂದ. ಅಂದೇ ‘ರಿಸೀಟ್’ ಎಂದು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಅವನು ಅದನ್ನು ನೋಡಿ, “ಅಷ್ಟೇನಾ?” ಎಂದ. ಎಂಟು ತಿಂಗಳ ಅಣಕದಿಂದ ಆಗದ್ದು ಮೂರು ಅಕ್ಷರಗಳಲ್ಲಿ ಮುಗಿದಿತ್ತು.

ಅವನ ತಪ್ಪು ದಡ್ಡತನದ್ದಲ್ಲ, ಓದಿನದು ಎಂಬುದು ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಸೇರಿ ಕಂಡುಕೊಂಡದ್ದು. ಸಂದೇಹ ಎಂಬ ಅರ್ಥದ ಇಂಗ್ಲಿಷ್ ಪದದಲ್ಲಿ ಬಿ ಅಕ್ಷರವಿದೆ, ಆದರೂ ಅವನು ಎಂದೂ ಅದನ್ನು ಉಚ್ಚರಿಸಿದವನಲ್ಲ, ಏಕೆಂದರೆ ‘ಡೌಟು’ ಎಂಬುದು ಅವನ ಊರಿನಲ್ಲಿಯೂ ಎಲ್ಲರ ಬಾಯಲ್ಲಿರುವ, ಅವನು ಕಿವಿಯಿಂದ ಕಲಿತ ಪದ. ರಸೀದಿಗಾದರೋ ನಮ್ಮಲ್ಲಿ ರಸೀದಿ ಎಂಬ ಪದವೇ ಇರುವುದರಿಂದ ಅದರ ಇಂಗ್ಲಿಷ್ ಹೆಸರನ್ನು ಅವನು ಯಾರ ಬಾಯಿಂದಲೂ ಕೇಳಿರಲಿಲ್ಲ. ಪುಸ್ತಕದಲ್ಲಿ ಕಂಡು, ಕನ್ನಡವನ್ನು ಓದುವ ಹಾಗೆ ಬರೆದ ಪ್ರತಿ ಅಕ್ಷರಕ್ಕೂ ಧ್ವನಿ ಕೊಟ್ಟು ಓದಿದ್ದ. ಒಮ್ಮೆ ಅವನೇ ಕೇಳಿದ: ಡೆಬಿಟ್‌ನಲ್ಲಿ ಬಿ ಕೇಳಿಸುತ್ತದೆ, ಸಾಲ ಎಂಬ ಅರ್ಥದ ‘ಡೆಟ್’ನಲ್ಲಿ ಅದೇ ಬಿ ಏಕೆ ಕೇಳಿಸುವುದಿಲ್ಲ? ಹುಡುಕಿ ನೋಡಿದೆವು. ಡೆಟ್ ಮತ್ತು ಡೌಟ್ ಎರಡೂ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅವುಗಳಲ್ಲಿ ಬಿ ಇರಲಿಲ್ಲ. ಲ್ಯಾಟಿನ್ ಮೂಲವನ್ನು ನೆನಪಿಸಲೆಂದು ವಿದ್ವಾಂಸರು ಆಮೇಲೆ ಬರವಣಿಗೆಯಲ್ಲಿ ಮಾತ್ರ ಅದನ್ನು ಸೇರಿಸಿದರು. ರಿಸೀಟ್‌ನ ಪಿ ಕೂಡ ಅಂಥದ್ದೇ; ಅದರ ಜೊತೆಯ ಪದಗಳಾದ ಡಿಸೀಟ್, ಕನ್‌ಸೀಟ್‌ಗಳ ಕಾಗುಣಿತದಲ್ಲಿ ಇಂದು ಪಿ ಇಲ್ಲವೇ ಇಲ್ಲ. ನಾನು ನಕ್ಕಿದ್ದು ಯಾರೋ ಅಲಂಕಾರಕ್ಕೆಂದು ಇಟ್ಟ ಅಕ್ಷರವನ್ನು ಅವನು ನಂಬಿ ಓದಿದ್ದಕ್ಕೆ.

ಇಂಗ್ಲಿಷ್ ಪದದ ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದುಕೊಳ್ಳುವ ಈ ಕ್ರಮಕ್ಕೆ ಮಿತಿಗಳಿವೆ. ಪದದ ಯಾವ ಭಾಗವನ್ನು ಒತ್ತಿ ಹೇಳಬೇಕು ಎಂಬುದನ್ನು ನಮ್ಮ ಲಿಪಿ ತೋರಿಸುವುದಿಲ್ಲ. ‘ಡಿಪಾಸಿಟ್’ ಎಂದು ಬರೆದು ‘ಪಾ’ ಅಕ್ಷರದ ಕೆಳಗೆ ಗೆರೆ ಎಳೆಯುವುದನ್ನು ಅವನೇ ರೂಢಿಸಿಕೊಂಡ. ಮಾತಿನೊಳಗೆ ಹುದುಗಿಸುವ ತಿದ್ದುಪಡಿಯೂ ಎಲ್ಲ ಕಡೆ ನಡೆಯುವುದಿಲ್ಲ. ಅವನು “ಐ ಡಿಡ್ ನಾಟ್ ವೆಂಟ್” ಎಂದಾಗ ನಾನು ಸರಿಯಾದ ವಾಕ್ಯವನ್ನು ಎಷ್ಟು ಸಲ ನನ್ನ ಉತ್ತರದಲ್ಲಿ ಇಟ್ಟರೂ ಅವನ ಗಮನಕ್ಕೆ ಬರಲಿಲ್ಲ, ಏಕೆಂದರೆ ಅವನು ನನ್ನ ಮಾತಿನ ಅರ್ಥವನ್ನು ಕೇಳುತ್ತಿದ್ದನೇ ಹೊರತು ಕ್ರಿಯಾಪದದ ರೂಪವನ್ನಲ್ಲ. ಅಲ್ಲಿ ನೇರವಾಗಿಯೇ ಹೇಳಬೇಕಾಯಿತು, ಅದಕ್ಕೆ ಕನ್ನಡವೇ ನೆರವಿಗೆ ಬಂತು. “ಹೋದೆ ಎನ್ನುತ್ತೇವೆ, ಆದರೆ ಇಲ್ಲ ಸೇರಿದಾಗ ಹೋದೆಲಿಲ್ಲ ಎನ್ನುತ್ತೇವೆಯೇ? ಹೋಗಲಿಲ್ಲ ಎನ್ನುತ್ತೇವೆ. ಅಲ್ಲಿ ಭೂತಕಾಲದ ‘ಹೋದ’ ಉಳಿಯುವುದಿಲ್ಲ, ‘ಹೋಗು’ ಬರುತ್ತದೆ. ಇಂಗ್ಲಿಷಿನಲ್ಲಿಯೂ ಹಾಗೆಯೇ, ಡಿಡ್ ನಾಟ್ ಬಂದಮೇಲೆ ವೆಂಟ್ ಉಳಿಯುವುದಿಲ್ಲ, ಗೋ ಬರುತ್ತದೆ” ಎಂದೆ. ಅವನು ಎರಡು ನಿಮಿಷ ತನ್ನಷ್ಟಕ್ಕೆ ಬರಲಿಲ್ಲ, ತಿನ್ನಲಿಲ್ಲ, ನೋಡಲಿಲ್ಲ ಎಂದು ಹೇಳಿಕೊಂಡು ಒಂದೊಂದನ್ನೂ ಇಂಗ್ಲಿಷಿಗೆ ತಂದ. ಆಮೇಲೆ ಆ ತಪ್ಪು ಅಪರೂಪವಾಯಿತು.

ಕೆಲವನ್ನು ತಿದ್ದದೆ ಬಿಡಲು ನಾನು ನಿರ್ಧರಿಸಿದೆ, ಅದರಲ್ಲಿ ಮುಖ್ಯವಾದದ್ದು ಹಕಾರ. ಅವನ ಕಡೆಯ ಆಡುಮಾತಿನಲ್ಲಿ ಹಾಲು ಆಲಾಗುತ್ತದೆ. ಇಂಗ್ಲಿಷಿನಲ್ಲಿಯೂ ಹೌಸ್ ಔಸ್ ಆಗುತ್ತದೆ, ಎಚ್ಚರ ಹೆಚ್ಚಾದ ದಿನ ಆಫೀಸು ಹಾಫೀಸಾಗುತ್ತದೆ. ಈ ಹಕಾರಕ್ಕಾಗಿ ಅವನು ಇಂಗ್ಲಿಷಿಗೆ ಬರುವ ಮೊದಲೇ, ಕನ್ನಡದಲ್ಲಿಯೇ, ಪೇಟೆಯ ಹುಡುಗರಿಂದ ಅಣಕಿಸಿಕೊಂಡಿದ್ದ. ಅಲ್ಲಿ ನಕ್ಕರೆ ಅದು ಅವನ ಇಂಗ್ಲಿಷಿಗೆ ಮಾತ್ರ ತಗಲುವುದಿಲ್ಲ. ಅವನ ತಾಯಿ ಮಾತಾಡುವ ರೀತಿಗೆ, ಅವನ ಊರಿಗೆ ಹೋಗಿ ತಗಲುತ್ತದೆ. ಆದ್ದರಿಂದ ಅರ್ಥ ಕೆಡುವ ಕಡೆ ಮಾತ್ರ ಬಾಯಿ ತೆರೆಯುತ್ತೇನೆ. ಅವನು ರಜೆಯ ವಿಷಯದಲ್ಲಿ “ಆಫ್ ಡೇ” ಎಂದರೆ ಅರ್ಧ ದಿನವೋ ಇಡೀ ದಿನವೋ ತಿಳಿಯುವುದಿಲ್ಲ. ಆಗ “ಅರ್ಧ ದಿನವಾ, ಪೂರ್ತಿ ದಿನವಾ?” ಎಂದು ಕೇಳುತ್ತೇನೆ. ಅವನೇ ಹಕಾರವನ್ನು ಸೇರಿಸಿ ಮತ್ತೊಮ್ಮೆ ಹೇಳುತ್ತಾನೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಮರುವರ್ಷ ಲೆಕ್ಕಪರಿಶೋಧಕರು ಬಂದಾಗ ಕಡತವನ್ನು ಅವನೇ ವಿವರಿಸಿದ. ಬೇಕಾದ ಕಡೆಯೆಲ್ಲ ‘ರಿಸೀಟ್’ ಎಂದ. ಆದರೆ ಆ ಎಂಟು ತಿಂಗಳು ನನ್ನ ಜೊತೆ ಸೇರಿ ನಗುತ್ತಿದ್ದವರಲ್ಲಿ ಇಬ್ಬರು ಇನ್ನೂ ನಮ್ಮ ಕಚೇರಿಯಲ್ಲಿದ್ದಾರೆ. ಅವರು ಕೋಣೆಗೆ ಬಂದರೆ ಅವನು ಇಂದಿಗೂ ಆ ಪದವನ್ನು ಬಳಸುವುದಿಲ್ಲ, ರಸೀದಿ ಎನ್ನುತ್ತಾನೆ.