ಇಂಟರ್ನಲ್ ಬರೆಯಲಾಗದಿದ್ದರೆ ಡೀನ್‌ಗೆ ಪತ್ರ ಹೇಗೆ?

ಹಾಸನದ ವೈದ್ಯಕೀಯ ಕಾಲೇಜಿನ ಕಚೇರಿಯಲ್ಲಿ ಕೂತು ಇಂಥ ಪತ್ರಗಳನ್ನು ವರ್ಷಗಟ್ಟಲೆ ಓದಿದ್ದೇನೆ. ಮನೆಯ ಸಂಕಟವನ್ನೆಲ್ಲ ಎರಡು ಪುಟ ತೋಡಿಕೊಂಡಿರುತ್ತಾರೆ. ಯಾವ ಪರೀಕ್ಷೆ, ಯಾವ ದಿನ ಎಂಬುದೇ ಇರುವುದಿಲ್ಲ.

ಮೊದಲು ಒಂದು ಮಾತು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವಾರ್ಷಿಕ ಪರೀಕ್ಷೆಯ ವೇಳಾಪಟ್ಟಿ ಬೆಂಗಳೂರಿನಿಂದ ಬರುತ್ತದೆ. ಹಾಸನದ ಡೀನ್ ಅದನ್ನು ಬದಲಿಸಲಾರರು. ಅವರ ಕೈಯಲ್ಲಿರುವುದು ಕಾಲೇಜಿನ ಇಂಟರ್ನಲ್. ವಾರ್ಷಿಕ ಪರೀಕ್ಷೆಗೆ ಕೂರಲು ಇಂಟರ್ನಲ್‌ನಲ್ಲಿ ಒಟ್ಟು ಶೇ 50 ಅಂಕ ಬೇಕಾದ್ದರಿಂದ ಅದನ್ನು ಸುಮ್ಮನೆ ಬಿಡುವಂತಿಲ್ಲ.

'ಇಂದ', 'ಗೆ', ದಿನಾಂಕ, ನೋಂದಣಿ ಸಂಖ್ಯೆ ಎಂದಿನಂತೆ. 'ಮೂಲಕ: ವಿಭಾಗ ಮುಖ್ಯಸ್ಥರು' ಎಂಬ ಸಾಲು ಮರೆಯಬೇಡಿ. ಅವರ ಸಹಿ ಇಲ್ಲದ ಪತ್ರ ಡೀನ್ ಮೇಜಿನಿಂದ ಮತ್ತೆ ವಿಭಾಗಕ್ಕೇ ಇಳಿಯುತ್ತದೆ, ಎರಡು ದಿನ ಹೋಗುತ್ತದೆ.

ಎಡವುವುದು ವಿಷಯದ ಸಾಲಿನಲ್ಲಿ. 'ಪರೀಕ್ಷೆ ಮುಂದೂಡುವ ಬಗ್ಗೆ' ಎಂದರೆ ಇಡೀ ಬ್ಯಾಚಿನ ಪರೀಕ್ಷೆ ಮುಂದೂಡಿ ಎಂದು ಕೇಳಿದ ಹಾಗೆ. 'ಫಾರ್ಮಕಾಲಜಿ ಇಂಟರ್ನಲ್‌ಗೆ ನನಗೆ ಪ್ರತ್ಯೇಕ ದಿನಾಂಕ ಕೋರಿ' ಎಂದೇ ಬರೆಯಿರಿ.

ಒಡಲಿನಲ್ಲಿ ಮೂರು ಸಂಗತಿ ಸಾಕು: ಏನಾಯಿತು, ಯಾವ ಪರೀಕ್ಷೆ ತಪ್ಪುತ್ತದೆ, ಅದನ್ನು ಯಾವಾಗ ಬರೆಯಬಲ್ಲಿರಿ. ಬೇಲೂರು ಕಡೆಯ ಎರಡನೇ ವರ್ಷದ ಹುಡುಗನೊಬ್ಬನ ತಂದೆ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದರು ಎಂದಿಟ್ಟುಕೊಳ್ಳಿ. ಅವನ ಪತ್ರ ಹೀಗಿರಲಿ:

'ಮಾನ್ಯರೇ, ಮಾರ್ಚ್ 3ರಂದು ನನ್ನ ತಂದೆ ಏಣಿಯಿಂದ ಬಿದ್ದು ತೊಡೆಮೂಳೆ ಮುರಿದಿದೆ. 5ರಂದು ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಅವರ ಜೊತೆ ಇರಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ಆದ್ದರಿಂದ 6ರ ಥಿಯರಿ ಹಾಗೂ 9ರ ಪ್ರಾಕ್ಟಿಕಲ್ ಪರೀಕ್ಷೆಗೆ ಹಾಜರಾಗಲು ಸಾಧ್ಯವಾಗುತ್ತಿಲ್ಲ. 16ರ ನಂತರ, ಅಂಕಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲು, ತಾವು ಸೂಚಿಸುವ ದಿನ ಎರಡನ್ನೂ ಬರೆಯಲು ಅವಕಾಶ ಕೊಡಬೇಕೆಂದು ಕೋರುತ್ತೇನೆ. ಆಸ್ಪತ್ರೆಯ ದಾಖಲಾತಿ ಚೀಟಿ ಲಗತ್ತಿಸಿದ್ದೇನೆ.'

'ಅಂಕಪಟ್ಟಿ ಹೋಗುವ ಮೊದಲು' ಎಂಬ ಮಾತೇ ಇಲ್ಲಿ ಮುಖ್ಯ. ಪಟ್ಟಿ ಹೋದ ಮೇಲೆ ನೀವು ಪರೀಕ್ಷೆ ಬರೆದರೂ ಆ ಅಂಕ ಸೇರಿಸುವುದು ಕಷ್ಟ. 'ಯಾವಾಗಲಾದರೂ ಸರಿ' ಎಂದರೆ ಕಚೇರಿ ಯಾವ ದಿನವನ್ನೂ ಕೊಡುವುದಿಲ್ಲ.

ಇಂಟರ್ನೆಟ್ಟಿನ ಸಿದ್ಧ ನಮೂನೆ ಬೇಡ. ಅದರಲ್ಲಿ 'ಪ್ರಿನ್ಸಿಪಾಲರಿಗೆ' ಎಂದು ಉಳಿದುಹೋದ ಪತ್ರಗಳು ಎಷ್ಟೋ ಬಂದಿವೆ. ಪರಿಚಯದ ಡಾಕ್ಟರಿಂದ ನಿಮಗೇ ಜ್ವರ ಎಂದು ಸರ್ಟಿಫಿಕೇಟ್ ಬರೆಸಿಕೊಳ್ಳಲೇಬೇಡಿ. ನಾಳೆ ಅದೇ ಸರ್ಟಿಫಿಕೇಟಿಗೆ ಸಹಿ ಹಾಕುವವರು ನೀವು.

ಪರೀಕ್ಷೆಗೆ ಮೊದಲೇ ಪತ್ರ ತಲುಪಿಸಿ. ನೀವು ಮೈಸೂರಿನಲ್ಲಿದ್ದರೆ ಸಹಿ ಹಾಕಿದ ಪ್ರತಿಯ ಫೋಟೊ ವಿಭಾಗ ಮುಖ್ಯಸ್ಥರಿಗೆ ಕಳುಹಿಸಿ, ಗೆಳೆಯನ ಕೈಯಲ್ಲಿ ಎರಡು ಪ್ರತಿ ಕೊಡಿಸಿ. ಒಂದರ ಮೇಲೆ ಟಪಾಲು ವಿಭಾಗದ ಮುದ್ರೆ, ದಿನಾಂಕ ಹಾಕಿಸಿ ಇಟ್ಟುಕೊಳ್ಳಲಿ. ತಂದೆ ಮನೆಗೆ ಬಂದ ಮೇಲೆ ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸನ್ನು ಆ ಮುದ್ರೆಯ ಪ್ರತಿಯ ಜೊತೆ ಒಯ್ದು, ಅದೇ ಕಡತಕ್ಕೆ ಸೇರಿಸಿ ಬನ್ನಿ.